ಹೇಳುವುದಿಲ್ಲ ಎಂದರೆ ಸಾಲದು, ಬಳಸುವುದಿಲ್ಲ ಎಂದೂ ಬರೆಯಬೇಕು

ಕಾತ್ರಜ ಅಂದರೆ ಪುಣೆಯವರಿಗೆ ಹಾಲು ನೆನಪಾಗುತ್ತದೆ. ಜಿಲ್ಲಾ ಸಹಕಾರಿ ಹಾಲು ಸಂಘದ ಡೇರಿ ಇಲ್ಲೇ ಇರುವುದರಿಂದ ಊರಿನ ಹೆಸರೇ ಪ್ಯಾಕೆಟ್ಟಿನ ಹೆಸರಾಗಿದೆ. ಇಲ್ಲಿಂದ ನರ್ಹೆ, ಆಂಬೇಗಾಂವ್, ಧಾಯರಿ ಕಡೆಗೆ ತಿರುಗಿದರೆ ಶೀಟಿನ ಶೆಡ್ಡುಗಳಲ್ಲಿ ಹತ್ತಿಪ್ಪತ್ತು ಜನರನ್ನಿಟ್ಟುಕೊಂಡು ನಡೆಯುವ ಸಣ್ಣ ಕಾರ್ಖಾನೆಗಳು ಸಿಗುತ್ತವೆ. ಬೆಂಗಳೂರಿಗೆ ಹೋಗುವ ಹೆದ್ದಾರಿ ಪಕ್ಕದಲ್ಲೇ ಹಾಯ್ದು ಹೋಗುತ್ತದೆ. ಬೆಳಗ್ಗೆ ಬೆಳಗಾವಿ ಬಿಟ್ಟವರು ಮಧ್ಯಾಹ್ನದ ಊಟದ ಹೊತ್ತಿಗೆ ಇಲ್ಲಿರುತ್ತಾರೆ. ಆದ್ದರಿಂದ ಉದ್ಯಮಬಾಗದ ಕಾರ್ಖಾನೆಯವರೂ ಕಾತ್ರಜದ ಕಡೆಯವರೂ 'ಸೇರಿ ಏನಾದರೂ ಮಾಡೋಣ' ಎಂದು ಕೂರುವುದು ಹೊಸದಲ್ಲ. ಹಾಗೆ ಕೂತಾಗ ಸಹಿ ಆಗುವ ಮೊದಲ ಕಾಗದ ಸಾಮಾನ್ಯವಾಗಿ ಎನ್‌ಡಿಎ, ಅಂದರೆ ಗೋಪ್ಯತೆಯ ಕರಾರು. ಎಲ್ಲಿಂದಲೋ ಇಳಿಸಿಕೊಂಡ ನಮೂನೆಯಲ್ಲಿ ಹೆಸರು ಬದಲಿಸಿ, ಓದದೆ ಸಹಿ ಹಾಕುವ ಕಾಗದವೂ ಅದೇ.

ಆ ಕಾಗದವನ್ನು ಈ ವಾರ ಒಂದು ಉದಾಹರಣೆ ಇಟ್ಟುಕೊಂಡು ಬಿಡಿಸಿ ನೋಡೋಣ. ಉದಾಹರಣೆ ನಾನು ಕಟ್ಟಿದ್ದು, ಕಾನೂನು ಇದ್ದದ್ದೇ.

ಕಾತ್ರಜದ ಒಂದು ಪಾಲುದಾರಿಕೆ ಸಂಸ್ಥೆ ಕಂಟ್ರೋಲ್ ಪ್ಯಾನಲ್ ಮಾಡುತ್ತದೆ. ಹಳ್ಳಿಯ ಹಾಲು ಸಂಗ್ರಹ ಕೇಂದ್ರದಲ್ಲಿ ಬಲ್ಕ್ ಮಿಲ್ಕ್ ಕೂಲರ್ ಎಂಬ ಸ್ಟೀಲ್ ತೊಟ್ಟಿ ಇರುತ್ತದಲ್ಲ, ಆಗಷ್ಟೇ ಕರೆದ ಬೆಚ್ಚನೆಯ ಹಾಲನ್ನು 4 ಡಿಗ್ರಿಗೆ ಇಳಿಸಿ ಟ್ಯಾಂಕರ್ ಬರುವವರೆಗೂ ಕಾಯುವ ತೊಟ್ಟಿ, ಅದರ ಪ್ಯಾನಲ್. ಹಳ್ಳಿಯ ಕರೆಂಟ್ ಏರಿಳಿದರೂ ಕಂಪ್ರೆಸರ್ ಸುಡದಂತೆ, ಜನರೇಟರ್‌ಗೆ ಒಮ್ಮೆಲೇ ಹೊರೆ ಬೀಳದಂತೆ ನೋಡಿಕೊಳ್ಳುವ ಪ್ರೋಗ್ರಾಂ ಅವರ ಬಂಡವಾಳ. ಬೆಳಗಾವಿಯ ಇನ್ನೊಂದು ಸಂಸ್ಥೆ ತೊಟ್ಟಿ ಮಾಡುತ್ತದೆ. ಎರಡು ಸ್ಟೀಲ್ ಹಾಳೆಗಳನ್ನು ಚುಕ್ಕಿಚುಕ್ಕಿಯಾಗಿ ವೆಲ್ಡ್ ಮಾಡಿ, ನಡುವೆ ಒತ್ತಡ ಕೊಟ್ಟು ಉಬ್ಬಿಸಿ, ಆ ಟೊಳ್ಳಿನಲ್ಲಿ ತಂಪಿನ ಅನಿಲ ಹರಿಯುವಂತೆ ಮಾಡುವುದು ಅವರ ಕಸುಬು. ವೆಲ್ಡಿಂಗಿನ ಸೆಟ್ಟಿಂಗು, ಜಿಗ್ಗಿನ ಅಳತೆ, ಯಾವ ಸಂಘಕ್ಕೆ ಯಾವ ದರ ಎಂಬ ಪಟ್ಟಿ ಅವರ ಗುಟ್ಟು. ಇಬ್ಬರೂ ಸೇರಿ ಪೂರಾ ಕೂಲರನ್ನೇ ಮಾಡಿ ಮಾರಿದರೆ ಹೇಗೆ ಎಂಬುದು ಮಾತು. ಕಂಪನಿ ಇನ್ನೂ ಆಗಿಲ್ಲ. ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಆದರೆ ಲೆಕ್ಕ ಹಾಕಬೇಕಾದರೆ ಇಬ್ಬರೂ ಒಂದಿಷ್ಟು ಬಿಚ್ಚಲೇಬೇಕು.

ಇಂಥ ನಮೂನೆಗಳಲ್ಲಿ ದೊಡ್ಡ ಅಕ್ಷರದಲ್ಲಿರುವುದು 'ಮೂರನೆಯವರಿಗೆ ಬಹಿರಂಗಪಡಿಸತಕ್ಕದ್ದಲ್ಲ' ಎಂಬ ಸಾಲು. ಜಂಟಿ ಉದ್ಯಮದ ಮಾತುಕತೆಯಲ್ಲಿ ನಿಜವಾದ ಅಪಾಯ ಅದಲ್ಲ. ಬೆಳಗಾವಿಯವರು ಪ್ಯಾನಲ್ಲಿನ ನಕ್ಷೆಯನ್ನು ಊರೆಲ್ಲ ಹಂಚಲು ಹೋಗುವುದಿಲ್ಲ. ಅವರು ಸುಮ್ಮನೆ ಇಟ್ಟುಕೊಂಡು, ಮಾತು ಮುರಿದ ಮೇಲೆ ತಾವೇ ಒಂದು ಪ್ಯಾನಲ್ ಮಾಡಿಕೊಂಡರೆ? ಯಾರಿಗೂ ಏನೂ ಹೇಳಿಲ್ಲ, ಆದ್ದರಿಂದ ಬರೀ 'ಹೇಳುವುದಿಲ್ಲ' ಎಂದಿರುವ ಕರಾರು ಅಕ್ಷರಶಃ ಮುರಿದಿಲ್ಲ. ಇತ್ತ ಕಾತ್ರಜದವರು ದರಪಟ್ಟಿ ನೋಡಿಕೊಂಡು ಇನ್ನೊಬ್ಬ ತೊಟ್ಟಿಯವರ ಜತೆ ಅದೇ ಸಂಘದ ಟೆಂಡರಿಗೆ ಎರಡು ಸಾವಿರ ಕಡಿಮೆ ಹಾಕಿದರೂ ಅಷ್ಟೇ. ಎಲ್ಲರ ಕಣ್ಣು ಬಾಯಿಯ ಮೇಲಿರುತ್ತದೆ, ನಷ್ಟವಾಗುವುದು ಕೈಯಿಂದ. ಹಾಗಾಗಿ ಕರಾರಿನ ಮುಖ್ಯ ಕಲಮು ಹೀಗಿರಬೇಕು:

"ಒಬ್ಬರಿಂದ ಪಡೆದ ಗೋಪ್ಯ ಮಾಹಿತಿಯನ್ನು ಇನ್ನೊಬ್ಬರು, ಹಾಲು ಶೈತ್ಯೀಕರಣ ಘಟಕಗಳನ್ನು ಜಂಟಿಯಾಗಿ ತಯಾರಿಸಿ ಮಾರುವ ಉದ್ಯಮ ಕಾರ್ಯಸಾಧ್ಯವೇ ಎಂದು ಪರಿಶೀಲಿಸುವ ಉದ್ದೇಶಕ್ಕೆ ಮಾತ್ರ ಬಳಸತಕ್ಕದ್ದು. ಆ ಉದ್ದೇಶದ ಹೊರಗೆ, ತಮಗಾಗಲಿ ಇತರರಿಗಾಗಲಿ, ಅದನ್ನು ಯಾವ ರೀತಿಯಲ್ಲೂ ಬಳಸತಕ್ಕದ್ದಲ್ಲ. ಕೆಳಗೆ ಅನುಮತಿಸಿದವರ ಹೊರತು ಯಾರಿಗೂ ತಿಳಿಸತಕ್ಕದ್ದಲ್ಲ."

ಇಲ್ಲಿ 'ಪರಿಶೀಲಿಸುವ' ಎಂಬ ಮಾತು ಬೇಕೆಂದೇ ಹಾಕಿದ್ದು. 'ಜಂಟಿ ಉದ್ಯಮಕ್ಕಾಗಿ' ಎಂದು ಬರೆದರೆ ಮಾದರಿ ತಯಾರಿಸಿ ಮಾರಾಟಕ್ಕಿಟ್ಟವನೂ 'ಉದ್ಯಮಕ್ಕಾಗಿಯೇ ಮಾಡಿದೆ' ಎನ್ನಬಹುದು. 'ವ್ಯಾಪಾರ ಸಂಬಂಧದ ಉದ್ದೇಶಕ್ಕೆ' ಎಂದು ಇನ್ನೂ ಸಡಿಲವಾಗಿ ಬರೆದರೆ ಹೊಳೆಗೆ ಹುಣಸೆಹಣ್ಣು ಕಿವುಚಿದ ಹಾಗೆ. ಉದ್ದೇಶ ಎಷ್ಟು ಇಕ್ಕಟ್ಟಾಗಿರುತ್ತದೋ ಕಲಮಿಗೆ ಅಷ್ಟು ಹಲ್ಲು.

ಕರಾರೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಒಂದು ಹಳೆಯ ಪ್ರಕರಣವಿದೆ. ನಮ್ಮ ನ್ಯಾಯಾಲಯಗಳೂ ಅದನ್ನು ಮತ್ತೆಮತ್ತೆ ಉದ್ಧರಿಸುತ್ತವೆ. ಕೊಕೊ ಎಂಬ ವಿನ್ಯಾಸಕಾರ ಮೊಪೆಡ್ಡಿನ ಎಂಜಿನ್ ರೂಪಿಸಿದ್ದ. ಅದನ್ನು ತಯಾರಿಸುವ ಬಗ್ಗೆ ಕ್ಲಾರ್ಕ್ ಎಂಬ ಎಂಜಿನಿಯರಿಂಗ್ ಕಂಪನಿಯ ಜತೆ 1967ರಲ್ಲಿ ಮಾತಾಡಿದ, ನಕ್ಷೆಗಳನ್ನು ತೋರಿಸಿದ, ಮಾತು ಮುರಿಯಿತು. ಕಂಪನಿ ತನ್ನದೇ ಮೊಪೆಡ್ ಹೊರತಂದಿತು. ಲಿಖಿತ ಕರಾರು ಇರಲಿಲ್ಲ. 1968ರಲ್ಲಿ ತೀರ್ಪು ಕೊಟ್ಟ ನ್ಯಾಯಮೂರ್ತಿ ಮೆಗರಿ ಮೂರು ಸಂಗತಿ ಸಾಬೀತಾಗಬೇಕೆಂದರು. ಮಾಹಿತಿಗೆ ಗೋಪ್ಯತೆಯ ಗುಣ ಇರಬೇಕು, ಗೋಪ್ಯವಾಗಿಡಬೇಕೆಂಬ ಹೊಣೆ ಹುಟ್ಟುವ ಸಂದರ್ಭದಲ್ಲಿ ಅದನ್ನು ಕೊಟ್ಟಿರಬೇಕು, ಅನುಮತಿಯಿಲ್ಲದೆ ಅದರ ಬಳಕೆಯಾಗಿರಬೇಕು. ಜಂಟಿ ಉದ್ಯಮದಂಥ ಸಮಾನ ಉದ್ದೇಶಕ್ಕೆ, ವ್ಯಾವಹಾರಿಕ ಧಾಟಿಯಲ್ಲಿ ಬೆಲೆಯುಳ್ಳ ಮಾಹಿತಿ ಕೊಟ್ಟಾಗ, ಹೊಣೆ ಇಲ್ಲವೆನ್ನುವವನ ಮೇಲೆ ಭಾರ ಹೆಚ್ಚು ಎಂದೂ ಹೇಳಿದರು. ಅಂದರೆ ಎರಡನೆಯದು ಕೊಕೊ ಪರವಾಗಿಯೇ ಇತ್ತು. ಅವನು ಎಡವಿದ್ದು ಮೊದಲನೆಯದರಲ್ಲಿ. ಎಂಜಿನ್ನಿನ ಯಾವ ಭಾಗ ತನ್ನ ಗುಟ್ಟು, ಯಾವುದು ಎಲ್ಲ ಮೊಪೆಡ್ಡಿನಲ್ಲೂ ಇರುವಂಥದ್ದು ಎಂದು ತೋರಿಸಲು ಅವನಿಗಾಗಲಿಲ್ಲ. ತಡೆಯಾಜ್ಞೆ ಸಿಗಲಿಲ್ಲ. ವಿಚಾರಣೆ ಮುಗಿಯುವವರೆಗೆ ಎಂಜಿನ್ನಿಗೆ ಐದು ಶಿಲಿಂಗಿನಂತೆ ಜಂಟಿ ಖಾತೆಯಲ್ಲಿಡುತ್ತೇವೆಂದು ಕಂಪನಿ ಕೊಟ್ಟ ಮುಚ್ಚಳಿಕೆಗೆ ಅವನು ಸಮಾಧಾನಪಟ್ಟುಕೊಳ್ಳಬೇಕಾಯಿತು.

ನಮ್ಮಲ್ಲಿ ದೆಹಲಿ ಹೈಕೋರ್ಟಿನ 1987ರ ಬ್ರಾಡಿ ಪ್ರಕರಣ ಇದಕ್ಕೆ ಹತ್ತಿರದ್ದು. ವರ್ಷವಿಡೀ ಹಸಿಮೇವು ಬೆಳೆಯುವ ಯಂತ್ರ ರೂಪಿಸಿದ ಅಮೆರಿಕದವರು ಅದರ ಥರ್ಮಲ್ ಪ್ಯಾನಲ್ ಮಾಡಿಸಲೆಂದು ಇಲ್ಲಿನ ಕಂಪನಿಗೆ ನಕ್ಷೆ, ವಿವರಗಳನ್ನು ಕೊಟ್ಟಿದ್ದರು. ಕಂಪನಿ ತಾನೇ ಮೇವಿನ ಯಂತ್ರ ಮಾರಲು ಹೊರಟಿತು. ಅಲ್ಲಿ ತಡೆಯಾಜ್ಞೆ ಸಿಕ್ಕಿತು. ವ್ಯಾಪಾರದ ಗುಟ್ಟಿಗೆಂದೇ ಭಾರತದಲ್ಲಿ ಪ್ರತ್ಯೇಕ ಕಾಯಿದೆ ಇಲ್ಲ. ಕಾನೂನು ಆಯೋಗ 2024ರ ಮಾರ್ಚ್‌ನಲ್ಲಿ ತನ್ನ 289ನೇ ವರದಿಯಲ್ಲಿ ಒಂದು ಕರಡು ಮಸೂದೆ ಕೊಟ್ಟಿದೆ. ಸದ್ಯಕ್ಕೆ ನಮಗಿರುವುದು 1872ರ ಕರಾರು ಕಾಯಿದೆ ಮತ್ತು ಇಂಥ ತೀರ್ಪುಗಳು. ಕಾಯಿದೆಯಲ್ಲಿ ಇಲ್ಲದ್ದನ್ನು ಕಾಗದದಲ್ಲಿ ಬರೆದುಕೊಳ್ಳಬೇಕಾದ ಸ್ಥಿತಿ.

ಕೊಕೊಗೆ ಆದದ್ದು ನಮ್ಮ ಕಾತ್ರಜದವರಿಗೂ ಆಗಬಹುದು. ಅದಕ್ಕೆ ದಾರಿ ಮಾಡಿಕೊಡುವುದು ಹೊರಗಿಡುವ ಕಲಮು, ಯಾವುದು ಗೋಪ್ಯ ಅಲ್ಲ ಎಂಬ ಪಟ್ಟಿ. ನಾಲ್ಕು ಬಾಬತ್ತು ಎಲ್ಲ ಕರಾರಿನಲ್ಲೂ ಇರುತ್ತವೆ: ಆಗಲೇ ಸಾರ್ವಜನಿಕವಾಗಿರುವುದು, ಪಡೆಯುವವರಿಗೆ ಮೊದಲೇ ಗೊತ್ತಿದ್ದದ್ದು, ಮೂರನೆಯವರಿಂದ ನ್ಯಾಯವಾಗಿ ಬಂದದ್ದು, ತಾವೇ ಸ್ವತಂತ್ರವಾಗಿ ರೂಪಿಸಿದ್ದು. ನಾಲ್ಕೂ ನ್ಯಾಯವೇ. ಇವನ್ನು ಬಿಟ್ಟು ಕರಾರು ಮಾಡಿದರೆ ಬೆಳಗಾವಿಯವರು ತಮ್ಮ ಇಪ್ಪತ್ತು ವರ್ಷದ ಅನುಭವವನ್ನೇ ಒತ್ತೆ ಇಟ್ಟಂತಾಗುತ್ತದೆ. ಆದರೆ ಬಾಗಿಲಿನ ಅಗಲ ನೋಡಿ ಇಡಬೇಕು.

ಮೊದಲು 'ಸಾರ್ವಜನಿಕ' ಎಂಬುದು. ಪ್ಯಾನಲ್ಲಿನ ಪ್ರತಿ ರಿಲೇ, ಪ್ರತಿ ಸೆನ್ಸರ್ ಬುಧವಾರ ಪೇಠೆಯ ಅಂಗಡಿಯಲ್ಲಿ ಸಿಗುತ್ತದೆ. ಕಂಪ್ರೆಸರ್ ತಡವಾಗಿ ಚಾಲೂ ಆಗುವಂತೆ ಮಾಡುವುದು ಪಠ್ಯಪುಸ್ತಕದ ವಿಚಾರ. ಹಾಗಾದರೆ ಗುಟ್ಟು ಎಲ್ಲಿದೆ? ಇವೆಲ್ಲ ಯಾವ ಕ್ರಮದಲ್ಲಿ, ಎಷ್ಟು ಸೆಕೆಂಡಿನ ಅಂತರದಲ್ಲಿ, ಎಷ್ಟು ವೋಲ್ಟಿಗೆ ಕೂಡಿ ಬರುತ್ತವೆ ಎಂಬಲ್ಲಿದೆ. ಬಿಡಿಬಿಡಿಯಾಗಿ ಬಯಲಲ್ಲಿರುವ ಸಂಗತಿಗಳು ಜೋಡಣೆಯಾಗಿ ಗೋಪ್ಯವಾಗಿರಬಹುದು. ಎಲ್ಲರಿಗೂ ಸಿಗುವ ಸಾಮಗ್ರಿಯ ಮೇಲೆ ಒಬ್ಬ ಬುದ್ಧಿ ಖರ್ಚು ಮಾಡಿ ಪಡೆದ ಫಲ ಗೋಪ್ಯವಾಗಬಲ್ಲದು ಎಂದು ಸಾಲ್ಟ್‌ಮನ್ ಪ್ರಕರಣದಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1948ರಲ್ಲೇ ಹೇಳಿದೆ. ಆ ಮಾತನ್ನು ಕರಾರಿಗೆ ತಂದುಕೊಳ್ಳಬೇಕು: "ಬಿಡಿ ಅಂಶಗಳು ಸಾರ್ವಜನಿಕವಾಗಿವೆ ಎಂಬ ಕಾರಣಕ್ಕೆ ಅವುಗಳ ಜೋಡಣೆ ಸಾರ್ವಜನಿಕವೆಂದು ಎಣಿಸತಕ್ಕದ್ದಲ್ಲ." ಈ ಒಂದು ಸಾಲು ಕಾತ್ರಜದವರು ಹಟ ಹಿಡಿದು ಸೇರಿಸಬೇಕಾದದ್ದು. ಇದರ ಜತೆಗೆ 'ಪಡೆದವರ ತಪ್ಪಿನಿಂದಲ್ಲದೆ' ಸಾರ್ವಜನಿಕವಾದದ್ದು ಎಂದೂ ಇರಬೇಕು, ಇಲ್ಲದಿದ್ದರೆ ಸೋರಿಸಿದವನೇ 'ಈಗ ಎಲ್ಲರಿಗೂ ಗೊತ್ತಲ್ಲ' ಎಂದು ಪಾರಾಗುತ್ತಾನೆ.

ಇದಕ್ಕೊಂದು ಮಿತಿಯೂ ಇದೆ. ಮಾರುಕಟ್ಟೆಯಲ್ಲಿ ಸಿಗುವ ಪ್ಯಾನಲನ್ನು ಯಾರಾದರೂ ಹಣ ಕೊಟ್ಟು ಕೊಂಡು, ಬಿಚ್ಚಿ, ತಂತಿಯ ಜಾಡು ಹಿಡಿದು ಕಲಿತರೆ ಅದನ್ನು ಗೋಪ್ಯತೆಯ ಭಂಗ ಎನ್ನಲಾಗದು. ಬೆಳಗಾವಿಯವರು ಹಾಗೆ ಮಾಡಬಾರದೆಂದಿದ್ದರೆ ಪರೀಕ್ಷೆಗೆಂದು ಕೊಟ್ಟ ಮಾದರಿಯನ್ನು ಬಿಚ್ಚುವುದಿಲ್ಲ, ಅದರ ಪ್ರೋಗ್ರಾಂ ತೆಗೆಯುವುದಿಲ್ಲ ಎಂದು ಬೇರೆಯಾಗಿ ಬರೆಸಿಕೊಳ್ಳಬೇಕು. ಗೋಪ್ಯತೆ ಎಂಬ ಮಾತಿನೊಳಗೆ ಅದು ತಾನಾಗಿ ಬರುವುದಿಲ್ಲ.

ಇನ್ನು 'ಮೊದಲೇ ಗೊತ್ತಿದ್ದದ್ದು'. ನನ್ನ ಲೆಕ್ಕದಲ್ಲಿ ನಾಲ್ಕರಲ್ಲಿ ಹೆಚ್ಚು ಮೋಸಹೋಗುವ ಜಾಗ ಇದೇ. ಮಾತು ಶುರುವಾಗುವುದು ಕರಾರಿನ ದಿನವಲ್ಲ. ಎರಡು ತಿಂಗಳ ಹಿಂದೆಯೇ ಬೆಳಗಾವಿಯವರು ಕಾತ್ರಜಕ್ಕೆ ಬಂದು ಶೆಡ್ಡು ನೋಡಿ, ಚಹಾ ಕುಡಿದು, ಪ್ಯಾನಲ್ಲಿನ ಫೋಟೋ ಹೊಡೆದುಕೊಂಡು ಹೋಗಿರುತ್ತಾರೆ. ಕರಾರಿನಲ್ಲಿ 'ಸಹಿಯ ದಿನಕ್ಕೆ ಮೊದಲೇ ಪಡೆದವರ ಬಳಿ ಇದ್ದ ಮಾಹಿತಿ ಗೋಪ್ಯವಲ್ಲ' ಎಂದು ನಮೂನೆಯ ಸಾಲು ಇದ್ದರೆ ಆ ಭೇಟಿಯಲ್ಲಿ ಕಂಡದ್ದೆಲ್ಲ ಕಲಮಿನಿಂದ ಹೊರಬಿತ್ತು! ಯಾರೂ ಕದ್ದಿಲ್ಲ, ಸಾಲೇ ಬಿಟ್ಟುಕೊಟ್ಟಿದೆ. ಇದಕ್ಕೆ ಕರಾರಿಗೆ ಹಿಂದಿನ ತಾರೀಖು ಹಾಕುವುದು ಪರಿಹಾರವಲ್ಲ, ಅದು ಬೇರೆಯೇ ತೊಂದರೆ. ಸಹಿ ಹಾಕಿದ ದಿನವನ್ನೇ ಬರೆದು, "ಇದೇ ಉದ್ದೇಶಕ್ಕಾಗಿ ಏಪ್ರಿಲ್ 1ರಿಂದ ಪರಸ್ಪರ ತಿಳಿಸಿದ ಮಾಹಿತಿಗೂ ಈ ಕರಾರು ಅನ್ವಯಿಸತಕ್ಕದ್ದು, 'ಮೊದಲೇ ಗೊತ್ತಿದ್ದದ್ದು' ಎಂದರೆ ಆ ದಿನಕ್ಕಿಂತ ಹಿಂದೆ, ಇನ್ನೊಬ್ಬರಿಂದಲ್ಲದೆ, ಗೊತ್ತಿದ್ದದ್ದು" ಎಂದು ಸೇರಿಸಿದರೆ ಆಯಿತು.

ಮೊದಲೇ ಗೊತ್ತಿತ್ತು, ಸ್ವತಂತ್ರವಾಗಿ ಮಾಡಿಕೊಂಡೆವು ಎಂಬ ಎರಡು ಸಬೂಬುಗಳಿಗೂ ಕಡಿವಾಣ ಒಂದೇ. ಸಾಬೀತುಪಡಿಸುವ ಭಾರ ಪಡೆದವರ ಮೇಲಿರಬೇಕು, ಅದೂ ಆ ಕಾಲದಲ್ಲೇ ಬರೆದಿಟ್ಟ ದಾಖಲೆಯಿಂದ. ಬಾಯಿಮಾತಿನ ಸಾಕ್ಷಿಯಿಂದಲ್ಲ. ಸ್ವತಂತ್ರ ಕೆಲಸ ಎನ್ನುವುದಕ್ಕೆ ಗೋಪ್ಯ ಮಾಹಿತಿಯನ್ನು ಕಾಣದ ಜನ ಮಾಡಿದ್ದು ಎಂಬ ಷರತ್ತೂ ಬೇಕು. ಆದರೆ ಇಲ್ಲಿ ಸಣ್ಣ ಸಂಸ್ಥೆಯ ಕಷ್ಟ ನೆನಪಿಡಬೇಕು. ದೊಡ್ಡ ಕಂಪನಿಯಲ್ಲಿ ಒಂದು ತಂಡ ನೋಡುತ್ತದೆ, ಇನ್ನೊಂದು ತಂಡ ಮಾಡುತ್ತದೆ. ಬೆಳಗಾವಿಯ ಕಾರ್ಖಾನೆಯಲ್ಲಿ ನೋಡುವ ಎಂಜಿನಿಯರೂ ಒಬ್ಬನೇ, ಮಾಡುವವನೂ ಅವನೇ. ಅವನು ಆಗಲೇ ತಮ್ಮದೇ ಸಾದಾ ಪ್ಯಾನಲ್ ಒಂದರ ಮೇಲೆ ಕೆಲಸ ಮಾಡುತ್ತಿದ್ದರೆ ಪ್ರಾಮಾಣಿಕನಿಗೂ ಉಳಿಗಾಲವಿಲ್ಲ. ಅವರು ಮೊದಲ ಸಭೆಗೆ ಮುಂಚೆಯೇ ಆ ಕೆಲಸದ ನಕ್ಷೆ, ಬಿಲ್ಲು, ಫೋಟೋಗಳನ್ನೆಲ್ಲ ಒಂದು ಕಡತ ಮಾಡಿ ತಮಗೆ ತಾವೇ ಇಮೇಲ್ ಕಳಿಸಿಟ್ಟುಕೊಳ್ಳಲಿ. ತಾರೀಖು ತಾನಾಗಿ ಬೀಳುತ್ತದೆ. ಇದನ್ನು ಕಾತ್ರಜದವರಿಗೆ ತೋರಿಸಬೇಕಿಲ್ಲ. ಇಂಥದ್ದೊಂದು ಕೆಲಸ ನಡೆದಿದೆ ಎಂದು ಅನುಬಂಧದಲ್ಲಿ ಒಂದು ಸಾಲು ಬರೆದರೆ ಸಾಕು.

ಕಾನೂನಿನ ಒತ್ತಾಯಕ್ಕೆ ಹೇಳಬೇಕಾದದ್ದನ್ನೂ ಕೆಲವರು ಇದೇ ಪಟ್ಟಿಗೆ ಐದನೆಯದಾಗಿ ತುರುಕುತ್ತಾರೆ. ಅದು ತಪ್ಪು. ಜಿಎಸ್‌ಟಿ ಅಧಿಕಾರಿ ಸಮನ್ಸ್ ಕೊಟ್ಟು ವೆಚ್ಚದ ಪಟ್ಟಿ ಕೇಳಿದರೆ ಕೊಡಲೇಬೇಕು, ಆದರೆ ಕೊಟ್ಟ ಮಾತ್ರಕ್ಕೆ ಅದು ಗೋಪ್ಯವಲ್ಲದ್ದಾಗಿ ಬಿಡಬಾರದು. ಹೊರಗಿಡುವ ಪಟ್ಟಿಯಲ್ಲಿದ್ದರೆ ಹಾಗಾಗುತ್ತದೆ. ಆದ್ದರಿಂದ ಅದನ್ನು 'ಅನುಮತಿಸಿದ ಬಹಿರಂಗ' ಎಂಬ ಬೇರೆ ಕಲಮಿನಲ್ಲಿಡಬೇಕು: ಸಾಧ್ಯವಿದ್ದಷ್ಟೂ ಮುಂಚೆ ಇನ್ನೊಬ್ಬರಿಗೆ ತಿಳಿಸಬೇಕು, ಕೇಳಿದಷ್ಟನ್ನೇ ಕೊಡಬೇಕು, ಕೊಟ್ಟ ಮೇಲೂ ಉಳಿದವರ ಮಟ್ಟಿಗೆ ಅದು ಗೋಪ್ಯವೇ. ಚಾರ್ಟರ್ಡ್ ಅಕೌಂಟೆಂಟು, ವಕೀಲರು, ಸಾಲ ಕೊಡುವ ಬ್ಯಾಂಕು ಇದೇ ಕಲಮಿಗೆ ಸೇರುತ್ತಾರೆ. ಜಾಬ್ ವರ್ಕ್ ಮಾಡಿಕೊಡುವ ಪಕ್ಕದ ಶೆಡ್ಡಿನವರನ್ನು ಮಾತ್ರ ಸೇರಿಸಬೇಡಿ. ಅವರಿಗೆ ನಕ್ಷೆ ಕೊಡಬೇಕಾದರೆ ಪ್ರತಿಸಲ ಇನ್ನೊಬ್ಬರ ಲಿಖಿತ ಒಪ್ಪಿಗೆ ಇರಲಿ. ನರ್ಹೆಯ ಒಬ್ಬನೇ ಜಾಬ್ ವರ್ಕಿನವ ಮೂವರು ಪ್ರತಿಸ್ಪರ್ಧಿಗಳಿಗೆ ಕೆಲಸ ಮಾಡಿಕೊಡುತ್ತಿರುತ್ತಾನೆ.

ಅವಧಿಯ ವಿಚಾರಕ್ಕೆ ಬಂದರೆ, ಇಲ್ಲಿ ಎರಡು ಗಡಿಯಾರ ನಡೆಯುತ್ತವೆ, ನಮೂನೆಗಳು ಎರಡನ್ನೂ ಒಂದು ಮಾಡಿಬಿಟ್ಟಿರುತ್ತವೆ. 'ಈ ಕರಾರು ಒಂದು ವರ್ಷ ಜಾರಿಯಲ್ಲಿರುತ್ತದೆ' ಎಂದಷ್ಟೇ ಇದ್ದರೆ, ಒಂದು ವರ್ಷದವರೆಗೆ ಕೊಟ್ಟ ಮಾಹಿತಿಗೆ ರಕ್ಷಣೆಯೋ, ಅಥವಾ ವರ್ಷದ ಕೊನೆಗೆ ರಕ್ಷಣೆಯೇ ಮುಗಿಯಿತೋ? ಎರಡನೆಯ ಅರ್ಥದಲ್ಲಿ ಹನ್ನೊಂದನೇ ತಿಂಗಳಲ್ಲಿ ಕೊಟ್ಟ ನಕ್ಷೆಗೆ ಮೂವತ್ತು ದಿನದ ಆಯುಸ್ಸು. ಅದಕ್ಕೆ ಪರಿಶೀಲನೆಯ ಅವಧಿ ಬೇರೆ, ಹೊಣೆಯ ಅವಧಿ ಬೇರೆ ಎಂದು ಬಿಡಿಸಿ ಬರೆಯಬೇಕು. ನಮ್ಮ ಉದಾಹರಣೆಗೆ ಪರಿಶೀಲನೆಗೆ ಆರು ತಿಂಗಳು ಸಾಕು. ಬೇಕಾದರೆ ಲಿಖಿತವಾಗಿ ಇನ್ನೊಂದು ಮೂರು ತಿಂಗಳು. ಯಾರು ಬೇಕಾದರೂ ಏಳು ದಿನದ ನೋಟಿಸು ಕೊಟ್ಟು ಮಾತು ನಿಲ್ಲಿಸಬಹುದು.

ಹೊಣೆಯ ಅವಧಿ ಎಲ್ಲಿಂದ ಎಣಿಸುವುದು? 'ಪ್ರತಿಯೊಂದು ಮಾಹಿತಿ ಕೊಟ್ಟ ದಿನದಿಂದ ಮೂರು ವರ್ಷ' ಎಂದರೆ ಕೇಳಲು ಚೆನ್ನ, ಆದರೆ ನಲವತ್ತು ಕಾಗದಕ್ಕೆ ನಲವತ್ತು ಮುಕ್ತಾಯದ ದಿನ. ಇಪ್ಪತ್ತು ಜನರ ಶೆಡ್ಡಿನಲ್ಲಿ ಅದನ್ನು ಲೆಕ್ಕ ಇಡುವವರು ಯಾರು? ಪರಿಶೀಲನೆ ಮುಗಿದ ದಿನದಿಂದ ಎಲ್ಲಕ್ಕೂ ಒಟ್ಟಿಗೆ ಎಣಿಸುವುದೇ ಸಣ್ಣವರಿಗೆ ಸಲೀಸು. ಎಷ್ಟು ವರ್ಷ ಎಂಬುದು ಮಾಹಿತಿಯ ಆಯುಸ್ಸಿನ ಮೇಲೆ ಹೋಗಬೇಕು. ದರಪಟ್ಟಿ ಹಳಸುವ ವಸ್ತು. ಸ್ಟೀಲಿನ ಬೆಲೆ ಬದಲಾದರೆ ಒಂದೂವರೆ ವರ್ಷದ ಮೇಲೆ ಅದರಲ್ಲಿ ಹುರುಳಿಲ್ಲ. ನಕ್ಷೆ, ವೆಚ್ಚದ ವಿಂಗಡಣೆಗೆ ಮೂರು ವರ್ಷ ಒಪ್ಪುತ್ತದೆ. ಪ್ಯಾನಲ್ಲಿನ ಪ್ರೋಗ್ರಾಂ ಮತ್ತು ವೆಲ್ಡಿಂಗಿನ ಸೆಟ್ಟಿಂಗು ಬೇರೆ ಜಾತಿಯವು. ಅವು ಗುಟ್ಟಾಗಿರುವವರೆಗೆ ಬೆಲೆಯುಳ್ಳವು, ಗುಟ್ಟು ಹೋದ ದಿನ ಬೆಲೆ ಹೋಯಿತು. ಅವಕ್ಕೆ ಮೂರು ವರ್ಷ ಎಂದು ಬರೆದರೆ ನಾಲ್ಕನೇ ವರ್ಷದ ಮೊದಲ ದಿನ ಬಳಸಲು ನೀವೇ ಪರವಾನಗಿ ಕೊಟ್ಟಂತೆ. ಹಾಗಾಗಿ ಕಲಮು ಹೀಗೆ:

"ಈ ಕರಾರಿನ ಹೊಣೆಗಳು ಪರಿಶೀಲನಾ ಅವಧಿ ಮುಗಿದ ದಿನದಿಂದ ಮೂರು ವರ್ಷ ಮುಂದುವರಿಯತಕ್ಕದ್ದು. ಗ್ರಾಹಕರ ಹೆಸರು ಮತ್ತು ದರಗಳಿಗೆ ಈ ಅವಧಿ ಹದಿನೆಂಟು ತಿಂಗಳು. ಅನುಬಂಧ 'ಅ'ದಲ್ಲಿ ಹೆಸರಿಸಿದ ವ್ಯಾಪಾರದ ಗುಟ್ಟುಗಳಿಗೆ ಅವು ಪಡೆದವರ ತಪ್ಪಿನಿಂದಲ್ಲದೆ ಸಾರ್ವಜನಿಕವಾಗುವವರೆಗೆ."

ಹಾಗಾದರೆ ಎಲ್ಲವನ್ನೂ 'ಅ'ಕ್ಕೇ ಹಾಕಿಬಿಡೋಣ ಎನ್ನುವ ಆಸೆ ಹುಟ್ಟುತ್ತದೆ. ಅದನ್ನು ತಡೆಯುವುದೇ ಪರಸ್ಪರ ಕರಾರಿನ ಗುಣ. ಬಿಗಿ ಮಾಡಿದ ಪ್ರತಿ ಗಂಟೂ ನಿಮ್ಮ ಕೈಗೂ ಬೀಳುತ್ತದೆ. ಕಾತ್ರಜದವರು ಐವತ್ತು ಬಾಬತ್ತು ಬರೆದರೆ ಬೆಳಗಾವಿಯವರೂ ಐವತ್ತು ಬರೆಯುತ್ತಾರೆ, ಆಮೇಲೆ ಇಬ್ಬರೂ ಜೀವಮಾನವಿಡೀ ನೂರು ಸಂಗತಿಗಳನ್ನು ನೆನಪಿಟ್ಟುಕೊಂಡು ಓಡಾಡಬೇಕು. ಪ್ರತಿ ಸಾಲನ್ನೂ ಎರಡು ಸಲ ಓದಿ: ಒಮ್ಮೆ ಕೊಟ್ಟವರಾಗಿ, ಒಮ್ಮೆ ಪಡೆದವರಾಗಿ. ಎರಡೂ ಸಲ ಸಹಿಸಬಹುದಾದ ಸಾಲನ್ನು ಮಾತ್ರ ಉಳಿಸಿ.

ಅವಧಿ ಉದ್ದವಾದ ಮಾತ್ರಕ್ಕೆ ಕರಾರು ಕಾಯಿದೆಯ 27ನೇ ಕಲಮು ಅಡ್ಡಬರುವುದಿಲ್ಲ. ಆ ಕಲಮು ನ್ಯಾಯವಾದ ಕಸುಬು, ವ್ಯಾಪಾರ ಮಾಡದಂತೆ ತಡೆಯುವ ಕರಾರನ್ನು ಶೂನ್ಯ ಎನ್ನುತ್ತದೆ. 'ನನ್ನ ಪ್ರೋಗ್ರಾಂ ಬಳಸಬೇಡ' ಎಂದರೆ ಅವನ ಕಸುಬು ನಿಲ್ಲುವುದಿಲ್ಲ. ಆದರೆ ಗೋಪ್ಯತೆಯ ಕಲಮಿನ ಬಾಲಕ್ಕೆ 'ಮಾತು ಮುರಿದ ಮೇಲೆ ಐದು ವರ್ಷ ಹಾಲಿನ ಕೂಲರಿಗೆ ಪ್ಯಾನಲ್ ಮಾಡತಕ್ಕದ್ದಲ್ಲ' ಎಂದು ಸೇರಿಸಿದರೆ ಅದು ನಿಲ್ಲುವುದು ಬಹಳ ಕಷ್ಟ. ಸಾಲದ್ದಕ್ಕೆ, ಹೀಗೆ ಬೆಸೆದ ಕಲಮನ್ನು ಎದುರು ಪಕ್ಷದ ವಕೀಲರು ಇಡಿಯಾಗಿ ಅನೂರ್ಜಿತ ಎಂದು ವಾದಿಸುತ್ತಾರೆ, ನೀವು ಒಳ್ಳೆಯ ಅರ್ಧವನ್ನೂ ಕಾಪಾಡಿಕೊಳ್ಳಲು ಒದ್ದಾಡಬೇಕಾಗುತ್ತದೆ. ಆರು ತಿಂಗಳ ಪರಿಶೀಲನೆಯ ಕಾಲದಲ್ಲಿ ಇಬ್ಬರೂ ಬೇರೆಯವರ ಜತೆ ಇದೇ ಮಾತು ಆಡಬಾರದು ಎಂದಿದ್ದರೆ ಅದನ್ನು ಬೇರೆ ಕಲಮಿನಲ್ಲಿ, ಆ ಕಾಲಕ್ಕಷ್ಟೇ ಬರೆಯಿರಿ. ಉಲ್ಲಂಘಿಸಿದರೆ 50 ಲಕ್ಷ ಎಂದು ದಪ್ಪಕ್ಷರದಲ್ಲಿ ಬರೆದು ನೆಮ್ಮದಿಯಾಗಿರುವವರೂ ಇದ್ದಾರೆ. 74ನೇ ಕಲಮಿನ ಪ್ರಕಾರ ಅದು ಗರಿಷ್ಠ ಮಿತಿ ಅಷ್ಟೇ. ಸಿಗುವುದು ಆ ಮಿತಿಯೊಳಗಿನ ಯುಕ್ತ ಪರಿಹಾರ.

ಮಾತು ಕೂಡಿಬಂದು ಕಂಪನಿ ಆಗಿಯೇಬಿಟ್ಟರೆ? ಆಗ ಸಹಿಯಾಗುವ ದೊಡ್ಡ ಒಪ್ಪಂದದ ಕೊನೆಯಲ್ಲಿ 'ಇದಕ್ಕೆ ಹಿಂದಿನ ಎಲ್ಲ ಒಪ್ಪಂದಗಳೂ ರದ್ದು' ಎಂಬ ಸಾಲು ಹೆಚ್ಚುಕಡಿಮೆ ಯಾವಾಗಲೂ ಇರುತ್ತದೆ. ಅದರಡಿ ನಮ್ಮ ಪುಟ್ಟ ಕರಾರು ಸದ್ದಿಲ್ಲದೆ ಸಾಯುತ್ತದೆ. ಕಂಪನಿ ಮುಂದೆ ಒಡೆದಾಗ ಹಳೆಯ ನಕ್ಷೆಗಳಿಗೆ ದಿಕ್ಕಿರುವುದಿಲ್ಲ. ದೊಡ್ಡ ಒಪ್ಪಂದದಲ್ಲಿ ಇದನ್ನು ಹೆಸರಿಸಿ ಉಳಿಸಿಕೊಳ್ಳಬೇಕು, ಇಲ್ಲವೇ ಅಲ್ಲೇ ಹೊಸದಾಗಿ ಬರೆಯಬೇಕು.

ಮಾತು ಮುರಿದರೆ ಹದಿನೈದು ದಿನದೊಳಗೆ ಕಾಗದಗಳನ್ನು ಹಿಂದಿರುಗಿಸುವ ಕಲಮು ಬೇಕು. ಕಾಗದ ಹಿಂದಿರುಗುತ್ತದೆ. ವಾಟ್ಸ್ಯಾಪ್ ಫೋಟೋ ಹಿಂದಿರುಗುವುದಿಲ್ಲ. ಮೂರು ಫೋನಿನಲ್ಲಿ, ಎರಡು ಬ್ಯಾಕಪ್ಪಿನಲ್ಲಿ, ಅಳಿಯನ ಲ್ಯಾಪ್‌ಟಾಪಿನಲ್ಲಿ ಅದು ಕೂತಿರುತ್ತದೆ. 'ಎಲ್ಲ ಪ್ರತಿಗಳನ್ನೂ ನಾಶಪಡಿಸಿದ್ದೇವೆ' ಎಂಬ ಪತ್ರಕ್ಕೆ ಪ್ರಾಮಾಣಿಕನೂ ಸಹಿ ಹಾಕಲಾರ. ಒಂದು ಇಮೇಲ್ ವಿಳಾಸದಿಂದ ಇನ್ನೊಂದಕ್ಕೆ ಮಾತ್ರ ಎಂದು ಮೊದಲೇ ಗೊತ್ತುಮಾಡಿಕೊಂಡರೆ ಅರ್ಧ ತಲೆನೋವು ಹೋಯಿತು. ಸಭೆಯಲ್ಲಿ ಬಾಯಲ್ಲಿ ಹೇಳಿದ್ದನ್ನು, ಶೆಡ್ಡಿನಲ್ಲಿ ಕಣ್ಣಿಗೆ ಬಿದ್ದದ್ದನ್ನು ಹದಿನೈದು ದಿನದೊಳಗೆ ಅದೇ ಇಮೇಲಿನಲ್ಲಿ 'ಇಂಥ ದಿನ ಇಂಥದ್ದನ್ನು ತೋರಿಸಿದೆವು, ಅದು ಗೋಪ್ಯ' ಎಂದು ಎರಡು ಸಾಲು ಹಾಕಬೇಕು. ಹಾಕಲು ಮರೆತರೂ, ಸಂದರ್ಭ ನೋಡಿದರೆ ಗೋಪ್ಯವೆಂದು ಯಾರಿಗಾದರೂ ತಿಳಿಯುವಂಥದ್ದು ಗೋಪ್ಯವೇ ಎಂಬ ಮಾತೂ ವ್ಯಾಖ್ಯಾನದಲ್ಲಿರಲಿ, ಯಾಕೆಂದರೆ ಮರೆಯುತ್ತೀರಿ. ಎಲ್ಲಕ್ಕಿಂತ ಭದ್ರವಾದದ್ದು ಕೊಡದೆ ಇರುವುದು. ಮೊದಲ ಹಂತದಲ್ಲಿ ಪ್ಯಾನಲ್ ಏನು ಮಾಡುತ್ತದೆ ಎಂಬ ಅಂಕಿ, ಎರಡನೇ ಹಂತದಲ್ಲಿ ಜೋಡಣೆಯ ನಕ್ಷೆ, ಪ್ರೋಗ್ರಾಂ ಮಾತ್ರ ಕಂಪನಿ ಆದ ಮೇಲೆ. ಅಲ್ಲಿಯವರೆಗೆ ಬೀಗ ಹಾಕಿದ ಮಾದರಿ ಸಾಕು. ಲಾಭ ನಷ್ಟದ ಲೆಕ್ಕ ಹಾಕಲು ಬೆಳಗಾವಿಯವರಿಗೆ ಪ್ರೋಗ್ರಾಂ ಬೇಕಾಗುವುದೇ ಇಲ್ಲ.

ಸಹಿ ಯಾರದು ಎಂಬುದನ್ನು ಯಾರೂ ಕೇಳುವುದಿಲ್ಲ. ಎರಡೂ ಪಾಲುದಾರಿಕೆ ಸಂಸ್ಥೆಗಳಾದರೆ ಸಂಸ್ಥೆಯ ಮೊಹರಿನ ಜತೆ ಪಾಲುದಾರರೆಲ್ಲ ವೈಯಕ್ತಿಕವಾಗಿಯೂ ಸಹಿ ಹಾಕಲಿ. ಸಂಸ್ಥೆ ಒಡೆದು, ಹೊರಬಂದ ತಮ್ಮ ಹೊಸ ಬೋರ್ಡು ಹಾಕಿಕೊಂಡಾಗ 'ಕರಾರು ಅಣ್ಣನ ಸಂಸ್ಥೆಯದು, ನನ್ನದಲ್ಲ' ಎನ್ನುವಂತಾಗಬಾರದು. ಮಹಾರಾಷ್ಟ್ರದಲ್ಲಿ ಇಂಥ ಸಾದಾ ಕರಾರಿಗೆ 2024ರ ಅಕ್ಟೋಬರಿನಿಂದ ನೂರರ ಬದಲು 500 ರೂಪಾಯಿಯ ಮುದ್ರಾಂಕ. ಮುದ್ರಾಂಕವಿಲ್ಲದ ಕಾಗದವನ್ನು, ಬಾಕಿ ಮತ್ತು ದಂಡ ಕಟ್ಟುವವರೆಗೆ, ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ತುರ್ತಾಗಿ ತಡೆಯಾಜ್ಞೆ ಬೇಕಾದ ದಿನ ಆ ದಂಡದ ಮೊತ್ತಕ್ಕಿಂತ ಕಳೆದುಹೋಗುವ ವಾರಗಳೇ ದುಬಾರಿ.

ಎಲ್ಲಿ ದಾವೆ ಎಂಬುದನ್ನೂ ಬರೆದುಬಿಡಿ: ಪುಣೆಯೋ, ಬೆಳಗಾವಿಯೋ, ಒಂದು. ಪುಣೆ ಎಂದಾದರೆ, ಬೇಡಿಕೆಯ ಮೌಲ್ಯ 3 ಲಕ್ಷಕ್ಕೆ ಕಡಿಮೆಯಿಲ್ಲದಿದ್ದಲ್ಲಿ 2015ರ ಕಾಯಿದೆಯಡಿಯ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ದಾವೆಗೆ ಮುಂಚೆ ಮಧ್ಯಸ್ಥಿಕೆಗೆ ಹೋಗಿಬರಬೇಕೆಂಬ ನಿಯಮವಿದೆ, ತುರ್ತು ತಡೆಯಾಜ್ಞೆ ಕೇಳುವವರಿಗೆ ಅದರಿಂದ ವಿನಾಯಿತಿ. ಆ ಅರ್ಜಿಯ ಜತೆ ವಕೀಲರು ಮೊದಲು ಕೇಳುವುದು ಕರಾರನ್ನಲ್ಲ, ಒಂದು ಪಟ್ಟಿಯನ್ನು: ಯಾವ ತಾರೀಖು, ಯಾವ ನಕ್ಷೆ, ಎಷ್ಟನೇ ಆವೃತ್ತಿ, ಯಾರ ಕೈಗೆ, ಯಾವ ಇಮೇಲಿನಲ್ಲಿ. ಹತ್ತು ರೂಪಾಯಿಯ ನೋಟುಬುಕ್ಕಿನಲ್ಲಿ ಗೆರೆ ಹೊಡೆದು ಐದು ಕಾಲಂ ಮಾಡಿಟ್ಟರೂ ನಡೆಯುತ್ತದೆ, ಮೊದಲ ಸಭೆಯ ದಿನದಿಂದಲೇ ತುಂಬಿಸುತ್ತ ಬಂದಿದ್ದರೆ.